ಕಾಲುವೆ ಕೆಳಗಿನ 20 ಗುಂಟೆ ಗದ್ದೆ: ನೆನಪಿನ ಚೀಟಿ

ಐಆರ್-64, ನಾಟಿ ಆಗಸ್ಟ್ 4.

ಆಗಸ್ಟ್ 25: ಕಳೆ ಕಿತ್ತು, ನೀರು ಬಸಿದು ಯೂರಿಯಾ 11 ಕೆಜಿ. ಮಾರನೇ ದಿನ ನೀರು ಕಟ್ಟು. ಈಗ ಒಂದಿಂಚು ಸಾಕು, ಜಾಸ್ತಿ ನಿಂತರೆ ತೆಂಡೆ ಒಡೆಯಲ್ಲ.

ಸೆಪ್ಟೆಂಬರ್ 16ರ ಸುಮಾರಿಗೆ ಒಂದು ತೆಂಡೆ ಸೀಳಿ ನೋಡು. ಒಳಗೆ ತೆನೆ ಮೂಡಿದ್ದರೆ ಇನ್ನೊಂದು 11 ಕೆಜಿ. ಎಲೆ ಮೇಲೆ ಬೆಂಕಿರೋಗ ಕಂಡರೆ ಯೂರಿಯಾ ನಿಲ್ಲಿಸು, ಮೊದಲು ಟ್ರೈಸೈಕ್ಲಜೋಲ್, ಲೀಟರಿಗೆ 0.6 ಗ್ರಾಂ. 12-15 ದಿನ ಬಿಟ್ಟು ನೋಡಿ, ರೋಗ ಇದ್ದರೆ ಮಾತ್ರ ಮತ್ತೆ. ಪಕ್ಕದ ಗದ್ದೆಯವರು ಹೊಡೆದರು ಅಂತ ಸುಮ್ನೆ ಹೊಡೆಯೋದು ಬೇಡ.

ಇಲ್ಲಿಂದ ಹೂ ಮುಗಿಯುವವರೆಗೆ ಎರಡಿಂಚು ನೀರು. ಕಟ್ಟು ನೀರು ಬಂದ ದಿನವೇ ತುಂಬಿಸು. ಹೂವಿನಲ್ಲಿ ಔಷಧಿ ಬೇಕೇ ಬೇಕಾದರೆ ಸಂಜೆ.

ಅಕ್ಟೋಬರ್ 30: ಬದು ಒಡೆದು ನೀರು ಬಸಿ. ಇಲ್ಲದಿದ್ದರೆ ಕೊಯ್ಲು ಮಿಷನ್ ಹೂತುಕೊಳ್ಳುತ್ತದೆ.