2025ನೇ ಸಾಲಿನ ಆಂತರಿಕ ಆಡಿಟ್ ಫಲಿತಾಂಶ ಮತ್ತು ಹೆಚ್ಚುವರಿ ಸಿಬ್ಬಂದಿಗಾಗಿ ಕೋರಿಕೆ

12 ಜನವರಿ 2026

ಆಡಿಟ್ ಸಮಿತಿಯ ಅಧ್ಯಕ್ಷರು ಮತ್ತು ಸದಸ್ಯರಿಗೆ,

ಮಾನ್ಯರೇ,

ಕಳೆದ ವರ್ಷ ನೀವು ಒಪ್ಪಿದ ಯೋಜನೆಯಲ್ಲಿ 24 ಆಡಿಟ್‌ಗಳಿದ್ದವು. ಮುಗಿದದ್ದು 19. ಉಳಿದ ಐದರಲ್ಲಿ ಮೂರು ಐಟಿಗೆ ಸೇರಿದವು: ಸೈಬರ್ ಭದ್ರತೆ, ಕ್ಲೌಡ್ ಮತ್ತು ಡೇಟಾ ಬ್ಯಾಕಪ್. ನನಗೆ ಚಿಂತೆ ಇರುವುದು ಈ ಮೂರರ ಬಗ್ಗೆಯೇ.

ಒಟ್ಟು 63 ಲೋಪಗಳನ್ನು ವರದಿ ಮಾಡಿದ್ದೇವೆ. 41 ಸರಿಹೋಗಿವೆ, 14ಕ್ಕೆ ಇನ್ನೂ ಗಡುವು ಇದೆ, ಎಂಟರ ಗಡುವು ಮೀರಿದೆ. ಈ ಎಂಟರಲ್ಲಿ ಐದು ಒಂದೇ ಜಾತಿಯವು. ಕೆಲಸ ಬಿಟ್ಟು ಹೋದವರ ಲಾಗಿನ್‌ಗಳು ಇನ್ನೂ ಚಾಲ್ತಿಯಲ್ಲಿವೆ. ಮುಚ್ಚುವುದು ಕಷ್ಟದ ಕೆಲಸವಲ್ಲ. ಎಚ್‌ಆರ್ ಹೇಳಲಿ ಎಂದು ಐಟಿಯವರು, ಐಟಿಯವರೇ ನೋಡಿಕೊಳ್ಳಲಿ ಎಂದು ಎಚ್‌ಆರ್‌ನವರು ಕಾಯುತ್ತಿದ್ದಾರೆ, ಅಷ್ಟೇ. ಇದಕ್ಕೆ ಒಬ್ಬರನ್ನು ಹೊಣೆ ಮಾಡುವಂತೆ ಸಮಿತಿ ಸೂಚಿಸಿದರೆ ಒಳ್ಳೆಯದು.

ಹೆಚ್ಚು ಗಂಭೀರವಾದದ್ದು ಖರೀದಿ ವಿಭಾಗದ್ದು. ಹೊಸ ಪೂರೈಕೆದಾರರ ಹೆಸರು ಸೇರಿಸುವವರೇ ಅವರ ಬಿಲ್‌ಗೂ ಒಪ್ಪಿಗೆ ಕೊಡಬಹುದಿತ್ತು. ನಾವು ನೋಡಿದ ಬಿಲ್‌ಗಳಲ್ಲಿ ನಾಲ್ಕಕ್ಕೆ ಎರಡೆರಡು ಸಲ ಹಣ ಹೋಗಿತ್ತು. ಮೋಸ ಕಂಡುಬಂದಿಲ್ಲ, ಹಣವೂ ವಾಪಸ್ ಬಂದಿದೆ. ಆದರೆ ನಾವು ನೋಡಿದ್ದು ಬರೀ ಸ್ಯಾಂಪಲ್. ಎಲ್ಲ ಬಿಲ್‌ಗಳನ್ನೂ ಹೋಲಿಸಿ ನೋಡಬಲ್ಲ ಡೇಟಾ ವಿಶ್ಲೇಷಕರು ನಮ್ಮಲ್ಲಿಲ್ಲ.

ಆಡಿಟ್‌ಗಳು ಉಳಿದದ್ದೇಕೆ? ಎರಡು ಅನಾಮಧೇಯ ದೂರುಗಳ ತನಿಖೆಗೆ ಯೋಜನೆಯಲ್ಲಿಲ್ಲದ 140 ಮಾನವ ದಿನಗಳು ಹೋದವು. ಇದು ಅರ್ಧ ಕಾರಣ ಮಾತ್ರ. ಆ ದಿನಗಳು ಕೈಯಲ್ಲಿದ್ದರೂ ಐಟಿ ಆಡಿಟ್ ಆಗುತ್ತಿರಲಿಲ್ಲ, ಏಕೆಂದರೆ ನಮ್ಮ ಆರು ಜನರಲ್ಲಿ ಅದು ಗೊತ್ತಿರುವವರು ಯಾರೂ ಇಲ್ಲ. ಯೋಜನೆ ಮಾಡುವಾಗಲೇ ನಾನು ಇದನ್ನು ನಿಮಗೆ ಹೇಳಬೇಕಿತ್ತು. ಹೇಗೋ ನಿಭಾಯಿಸಬಹುದು ಅಂದುಕೊಂಡೆ. ಅದು ನನ್ನ ತಪ್ಪು ಅಂದಾಜು.

ಹಾಗಾಗಿ ಒಬ್ಬ ಐಟಿ ಆಡಿಟರ್, ಒಬ್ಬ ಡೇಟಾ ವಿಶ್ಲೇಷಕ ಮತ್ತು ಈ ವರ್ಷದ ಮಟ್ಟಿಗೆ ಹೊರಗಿನ ಸೈಬರ್ ತಜ್ಞರ 60 ದಿನಗಳ ಸೇವೆಯನ್ನು ಕೋರುತ್ತಿದ್ದೇನೆ. ನೇಮಕವನ್ನು ವರ್ಷದ ಎರಡನೇ ಅರ್ಧಕ್ಕೆ ಮುಂದೂಡೋಣ ಎಂಬುದು ಹಣಕಾಸು ಮುಖ್ಯಸ್ಥರ ಅಭಿಪ್ರಾಯ. ಡೇಟಾ ವಿಶ್ಲೇಷಕರ ಮಟ್ಟಿಗೆ ಒಪ್ಪುತ್ತೇನೆ. ಐಟಿ ಆಡಿಟರ್ ವಿಷಯದಲ್ಲಿ ಒಪ್ಪಲಾರೆ. ಮೂರನ್ನೂ ಕೊಡಲಾಗದಿದ್ದರೆ ಮೊದಲು ಐಟಿ ಆಡಿಟರ್ ಕೊಡಿ.

2025ರ ಜನವರಿ 9ರಿಂದ ಜಾರಿಗೆ ಬಂದ ಜಾಗತಿಕ ಆಂತರಿಕ ಆಡಿಟ್ ಮಾನದಂಡಗಳ ಪ್ರಕಾರ, ಸಂಪನ್ಮೂಲ ಸಾಲದಿದ್ದರೆ ಅದರ ಪರಿಣಾಮವನ್ನು ನಾನು ನಿಮಗೆ ತಿಳಿಸಲೇಬೇಕು. ಪರಿಣಾಮ ಇಷ್ಟು: ಸಿಬ್ಬಂದಿ ಸಿಗದಿದ್ದರೆ ಆ ಮೂರು ಆಡಿಟ್‌ಗಳನ್ನು 2026ರ ಯೋಜನೆಯಿಂದ ಕೈಬಿಡುತ್ತೇನೆ. ಸುಮ್ನೆ ಪಟ್ಟಿಯಲ್ಲಿಟ್ಟುಕೊಂಡು ನಿಮಗೆ ಭರವಸೆ ಕೊಡಲಾರೆ. ಆಗ ಆ ಅಪಾಯವನ್ನು ತಿಳಿದೇ ಒಪ್ಪಿದ್ದೇವೆ ಎಂದು ಸಮಿತಿ ನಡಾವಳಿಯಲ್ಲಿ ದಾಖಲಿಸಬೇಕಾಗುತ್ತದೆ.

ವರ್ಷವಿಡೀ ನಮ್ಮ ಸ್ವಾತಂತ್ರ್ಯಕ್ಕೆ ಧಕ್ಕೆ ಬಂದಿಲ್ಲ ಎಂದು ದೃಢಪಡಿಸುತ್ತೇನೆ. ಒಂದು ವಿಭಾಗ ದಾಖಲೆ ಕೊಡಲು ಮೂರು ವಾರ ಸತಾಯಿಸಿತು, ಕೊನೆಗೆ ಎಲ್ಲವೂ ಸಿಕ್ಕಿತು.

ಮುಂದಿನ ಸಭೆಯಲ್ಲಿ ಆಡಳಿತದವರು ಇಲ್ಲದೆ ನಿಮ್ಮೊಂದಿಗೆ ಮಾತಾಡಲು ಅರ್ಧ ಗಂಟೆ ಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಆಂತರಿಕ ಆಡಿಟ್ ಮುಖ್ಯಸ್ಥರು