ಪಟ್ಟೆ ನೋಡಿ ಹುಲಿ ಎಣಿಸೋದು: ವಿಡಿಯೋ ಸ್ಕ್ರಿಪ್ಟ್, ಎರಡೂವರೆ ನಿಮಿಷ

ದೃಶ್ಯ: ಕಾಡುದಾರಿ, ಧೂಳಲ್ಲಿ ಹುಲಿ ಹೆಜ್ಜೆ. ಮ್ಯೂಸಿಕ್ ಬೇಡ, ಬರೀ ಹಕ್ಕಿ ಸದ್ದು ಸಾಕು.

ಧ್ವನಿ: ಕಾಡಲ್ಲಿ ಎಷ್ಟು ಹುಲಿ ಇದೆ ಅಂತ ಕೇಳಿದ್ರೆ ಮೊದಲೆಲ್ಲ ಹೆಜ್ಜೆ ನೋಡಿ ಹೇಳ್ತಿದ್ರು. ಫಾರೆಸ್ಟ್‌ನೋರು ಹೆಜ್ಜೆ ಮೇಲೆ ಗಾಜಿಟ್ಟು ಗೆರೆ ಎಳ್ಕೊಂಡು ಇದು ಈ ಹುಲಿ, ಅದು ಆ ಹುಲಿ ಅಂತ ಲೆಕ್ಕ ಹಾಕೋರು. ಆದ್ರೆ ಒಂದೇ ಹುಲಿ ಹೆಜ್ಜೆ ಮರಳಲ್ಲಿ ಒಂಥರ, ಕೆಸರಲ್ಲಿ ಇನ್ನೊಂಥರ ಬೀಳತ್ತೆ. ಅದೂ ಅಲ್ದೆ, ಒಂದೂ ಬಿಡದೆ ಎಲ್ಲಾ ಎಣಿಸಿಬಿಟ್ವಿ ಅಂದ್ರೆ ನಂಬೋದು ಹೆಂಗೆ?

ದೃಶ್ಯ: ಎರಡು ಹುಲಿ ಫೋಟೋ ಅಕ್ಕಪಕ್ಕ, ಪಟ್ಟೆ ಮೇಲೆ ಝೂಮ್.

ಧ್ವನಿ: ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಜೇಮ್ಸ್ ನಿಕೋಲ್ಸ್ 1998ರಲ್ಲಿ ಇಕಾಲಜಿ ಜರ್ನಲ್‌ನಲ್ಲಿ ಬರೆದ ಪೇಪರ್ ಬೇರೆ ದಾರಿ ತೋರಿಸ್ತು. ಒಂದು ಹುಲಿ ಪಟ್ಟೆ ಇನ್ನೊಂದಕ್ಕೆ ಇರಲ್ಲ. ಹುಲಿ ಓಡಾಡೋ ದಾರೀಲಿ ಕ್ಯಾಮೆರಾ ಕಟ್ಟಿಟ್ರೆ ಅದು ಹಾದುಹೋದಾಗ ತಾನೇ ಫೋಟೋ ಬೀಳತ್ತೆ. ಎಡಮೈ ಪಟ್ಟೆ ಬಲಮೈಗೆ ಹೊಂದಲ್ಲ, ಅದಕ್ಕೆ ದಾರಿಯ ಎರಡೂ ಕಡೆ ಕ್ಯಾಮೆರಾ.

ಈಗ ಮಜಾ ಇರೋದು ಲೆಕ್ಕದಲ್ಲಿ, ಸ್ವಲ್ಪ ನಿಧಾನವಾಗಿ ಕೇಳಿ. ಸುಮ್ನೆ ಉದಾಹರಣೆಗೆ, ಮೊದಲ ಸುತ್ತಲ್ಲಿ 20 ಹುಲಿ ಫೋಟೋ ಸಿಕ್ತು ಅನ್ಕೊಳಿ, ಎರಡನೇ ಸುತ್ತಲ್ಲೂ 20 ಸಿಕ್ತು, ಅದರಲ್ಲಿ 10 ಮೊದಲೇ ನೋಡಿದ್ವು. ಅಂದ್ರೆ ಮೊದಲ ಸುತ್ತಲ್ಲಿ ನಮಗೆ ಸಿಕ್ಕಿದ್ದು ಹೆಚ್ಚುಕಮ್ಮಿ ಅರ್ಧ ಹುಲಿ ಮಾತ್ರ, ಒಟ್ಟು 40ರ ಸುತ್ತಮುತ್ತ ಇರ್ಬೇಕು. ಕ್ಯಾಮೆರಾಗೆ ಬೀಳದೇ ಇರೋ ಹುಲಿಗಳೂ ಲೆಕ್ಕಕ್ಕೆ ಬಂದ್ವು ನೋಡಿ! ಪೇಪರಲ್ಲಿರೋ ಲೆಕ್ಕ ಇದಕ್ಕಿಂತ ಬಹಳ ಜಟಿಲ, ತಿರುಳು ಮಾತ್ರ ಇದೇ.

(ಎಡಿಟಿಂಗ್ ಮಾಡೋರಿಗೆ: ಇಲ್ಲಿ ಚುಕ್ಕೆ ಗ್ರಾಫಿಕ್ಸ್ ಹಾಕು ಮಾರಾಯಾ, 20 ಚುಕ್ಕೆ ಆಮೇಲೆ 20, ಎರಡೂ ಸಲ ಸಿಕ್ಕಿದ 10ಕ್ಕೆ ಬೇರೆ ಬಣ್ಣ. ಮುಂದಿನ ದೃಶ್ಯಕ್ಕೆ, ಹುಲಿ ಫೋಟೋಗೆ ಸಿಗೋ ಸಾಧ್ಯತೆ ಕಮ್ಮಿ ಅಂದ್ರೆ 0.75 ಅಂತ ಪೇಪರಲ್ಲಿದೆ, ಅದನ್ನ ಸ್ಕ್ರೀನ್ ಮೇಲೆ ತರ್ಬೇಡ, "ನಾಲ್ಕರಲ್ಲಿ ಮೂರು" ಅಂತ ಹಾಕು.)

ದೃಶ್ಯ: ಇಂಡಿಯಾ ಮ್ಯಾಪ್, ನಾಲ್ಕು ಚುಕ್ಕೆ.

ಧ್ವನಿ: ನಾಗರಹೊಳೆ, ಕಾನ್ಹಾ, ಪೆಂಚ್, ಕಾಜಿರಂಗ, ಈ ನಾಲ್ಕು ಕಡೆ ಇದನ್ನ ಮಾಡಿ ನೋಡಿದ್ರು. ಅಲ್ಲಿರೋ ಪ್ರತಿ ನಾಲ್ಕು ಹುಲಿಗಳಲ್ಲಿ ಕಮ್ಮಿ ಅಂದ್ರೂ ಮೂರು ಫೋಟೋಗೆ ಸಿಕ್ಕಿದ್ವು ಅಂತ ಅಂದಾಜು. ಪೆಂಚ್‌ನಲ್ಲಿ 100 ಚದರ ಕಿಲೋಮೀಟರಿಗೆ ಸುಮಾರು 4 ಹುಲಿ, ನಮ್ಮ ನಾಗರಹೊಳೆಯಲ್ಲಿ 11ಕ್ಕೂ ಜಾಸ್ತಿ.

ದೃಶ್ಯ: ಜಿಂಕೆ ಹಿಂಡು, ಕಡವೆ, ಕಾಟಿ.

ಧ್ವನಿ: ಯಾಕೆ ಇಷ್ಟು ವ್ಯತ್ಯಾಸ? ಹುಲಿಗೆ ತಿನ್ನೋಕೆ ಏನಿದೆ ಅನ್ನೋದೇ ಮುಖ್ಯ ಕಾರಣ ಇರಬಹುದು ಅಂತ ಪೇಪರ್ ಹೇಳತ್ತೆ. ಯಾವ್ಯಾವ ಬೇಟೆ ಪ್ರಾಣಿ ಎಷ್ಟೆಷ್ಟಿವೆ ಅನ್ನೋದರ ಮೇಲೆ ಹುಲಿ ಸಂಖ್ಯೆ ನಿಲ್ಲತ್ತೆ. ಕಾಡಿಗೆ ಬೇಲಿ ಹಾಕಿ ಒಳಗೆ ಜಿಂಕೆ ಬೇಟೆ ಬಿಟ್ಕೊಂಡು ಕೂತ್ರೆ ಹುಲಿ ಉಳಿಯಲ್ಲ (ಈ ವಾಕ್ಯ ಪೇಪರಿಂದಲ್ಲ, ನನ್ನದು, ಬೇಡ ಅನ್ಸಿದ್ರೆ ತೆಗೀರಿ).

ಇದೇ ವಿಧಾನ ಮೈಮೇಲೆ ಗುರುತಿರೋ, ಕಣ್ಣಿಗೆ ಬೀಳದ ಬೇರೆ ಪ್ರಾಣಿಗಳಿಗೂ ಆಗತ್ತೆ, ಚಿರತೆ ಚುಕ್ಕೆ ಇದ್ಯಲ್ಲ, ಹಂಗೆ.

ಕೊನೇ ಕಾರ್ಡ್: ಪೇಪರ್ ಹೆಸರು, ಲೇಖಕರು, 1998. 5 ಸೆಕೆಂಡ್.