ನಮ್ಮ ಅಪಾರ್ಟ್‌ಮೆಂಟ್, ಗೋಕುಲ ರೋಡ್, ಹುಬ್ಬಳ್ಳಿ: ಸೂಚನೆ, ಮೇಂಟೆನೆನ್ಸ್ ಲೆಕ್ಕ, ದೂರು

ಸೂಚನಾ ಫಲಕ (18 ಆಗಸ್ಟ್ 2025)

ಭಾನುವಾರ 24ರಂದು ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ಸಂಪು ಮತ್ತು ಮೇಲಿನ ಟ್ಯಾಂಕ್ ತೊಳೆಯುತ್ತಾರೆ. ನಳಕ್ಕೆ ನೀರು ಇರುವುದಿಲ್ಲ, ಶನಿವಾರ ರಾತ್ರಿಯೇ ತುಂಬಿಟ್ಟುಕೊಳ್ಳಿ. ಅದೇ ದಿನ ಹೊಸ ಬಾಲ್ ವಾಲ್ವ್ ಕೂಡಿಸುತ್ತೇವೆ.

ಚೌತಿ 27ಕ್ಕೆ. ಗಣಪತಿ ಪಟ್ಟಿ ಬೇರೆ, ಮೇಂಟೆನೆನ್ಸ್ ಬೇರೆ. ಎರಡನ್ನೂ ಒಂದೇ ಫೋನ್‌ಪೇಯಲ್ಲಿ ಸೇರಿಸಿ ಕಳಿಸಿದರೆ ಲೆಕ್ಕ ಹಿಡಿಯುವವರ ತಲೆ ಕೆಡುತ್ತದೆ. ಮೂರ್ತಿ ಮಣ್ಣಿನದೇ, ಪಿಒಪಿ ಬೇಡ.

ಪಾರ್ಕಿಂಗ್‌ನಲ್ಲಿ ಹಳೆಯ ಸೋಫಾ ಇಟ್ಟವರು ಹಬ್ಬದೊಳಗೆ ತೆಗೆಯಬೇಕು. ಯಾರದೆಂದು ಎಲ್ಲರಿಗೂ ಗೊತ್ತಿದೆ.

ಮೇಂಟೆನೆನ್ಸ್ ಲೆಕ್ಕ: ಜುಲೈ 2025

ಮನೆಗೆ ₹1,800ರಂತೆ 24 ಮನೆಗಳಿಂದ ಬರಬೇಕಾದದ್ದು ₹43,200. ಬಂದದ್ದು ₹37,800.

| ಖರ್ಚು | ₹ |
|---|---|
| ವಾಚ್‌ಮನ್ ಪಗಾರ | 12,000 |
| ಹೆಸ್ಕಾಂ ಬಿಲ್ (ಲಿಫ್ಟ್, ಪಂಪ್, ಮೆಟ್ಟಿಲು ದೀಪ) | 6,840 |
| ಕಸ ಗುಡಿಸುವುದು | 5,000 |
| ಲಿಫ್ಟ್ ಸರ್ವಿಸ್ | 4,500 |
| ನೀರಿನ ಟ್ಯಾಂಕರ್ 5 | 4,500 |
| ಒಟ್ಟು | 32,840 |
| ಉಳಿದದ್ದು | 4,960 |

ಬಾಕಿ: 104, 301, 402. ತಲಾ ₹1,800. ತಿಂಗಳ 10ನೇ ತಾರೀಖಿನೊಳಗೆ ಕಟ್ಟದಿದ್ದರೆ ₹100 ದಂಡ. 402ರ ದಂಡ ಈ ಸಲ ಹಾಕಿಲ್ಲ, ಕಾರಣ ಕೆಳಗಿದೆ.

ಮಳೆಗಾಲದಲ್ಲಿ ಟ್ಯಾಂಕರ್ ಯಾಕೆ ಎಂದು ಕೇಳಿದವರಿಗೆ: ಮಲಪ್ರಭಾ ನೀರು ಬಂದ ದಿನ ಸಂಪು ತುಂಬುತ್ತಿತ್ತು, ಆದರೆ ಪಂಪ್ ಹಾಕಿದಾಗ ಟ್ಯಾಂಕ್ ತುಂಬಿ ಹೊರಗೆ ಚೆಲ್ಲುತ್ತಿತ್ತು. ಮತ್ತೆ ನಳ ಬರುವ ತನಕ ಸಂಪಿನಲ್ಲಿ ನೀರು ಉಳಿಯುತ್ತಿರಲಿಲ್ಲ.

ದೂರು ನಮೂನೆ

ದೂರು ಸಂಖ್ಯೆ: 31
ಮನೆ: 402, ಬಾಡಿಗೆದಾರರಲ್ಲ, ಮಾಲೀಕರು
ದಿನಾಂಕ: 14 ಆಗಸ್ಟ್ 2025
ವಿಷಯ: ನೀರು, ಸೋರಿಕೆ
ತುರ್ತೇ?: ಹೌದು
ಫೋಟೊ: 2 ಸೇರಿಸಲಾಗಿದೆ
ಮನೆಯಲ್ಲಿ ಸಿಗುವ ವೇಳೆ: ಸಂಜೆ 6ರ ನಂತರ

ವಿವರ: ಟೆರೇಸ್ ಟ್ಯಾಂಕಿನ ಬಾಲ್ ವಾಲ್ವ್ ಕೆಟ್ಟು ಭಾಳ ದಿನಾ ಆತು. ಪಂಪ್ ಹಾಕಿದ ಮ್ಯಾಲೆ ತುಂಬಿ ಚೆಲ್ಲತದ, ಬಂದ್ ಮಾಡಾಕ ಯಾರೂ ಹೋಗಂಗಿಲ್ಲ. ಆ ನೀರು ನಮ್ಮ ದೇವರ ಮನಿ ಗ್ವಾಡಿಗೆ ಇಳದು ಬಣ್ಣ ಹಪ್ಪಳದಂಗ ಎದ್ದೈತಿ. ವಾಚ್‌ಮನ್ ಕಾಕಾಗ ಎರಡ ಸಲ ಹೇಳೇವಿ, ಅವರು ‘ಸೆಕ್ರೆಟರಿ ಸಾಹೇಬ್ರಿಗೆ ಹೇಳ್ರಿ’ ಅಂತಾರ. ಇದು ಸರಿ ಆಗೋತನಕ ರೊಕ್ಕ ಕಟ್ಟಂಗಿಲ್ಲ.

ಕಾರ್ಯದರ್ಶಿಯ ಉತ್ತರ (16 ಆಗಸ್ಟ್): ಟೆರೇಸ್ ಹತ್ತಿ ನೋಡಿದೆ, ದೂರು ನಿಜ. ಬಾಲ್ ವಾಲ್ವ್ 24ಕ್ಕೆ ಬದಲಾಗುತ್ತದೆ. ಗೋಡೆ ಒಣಗಿದ ಮೇಲೆ ಪುಟ್ಟಿ, ಬಣ್ಣ ಸೊಸೈಟಿ ಖರ್ಚಿನಲ್ಲಿ. ಒಣಗುವ ಮೊದಲೇ ಬಳಿದರೆ ಮತ್ತೆ ಏಳುತ್ತದೆ, ಸ್ವಲ್ಪ ತಡೆಯಿರಿ. ರೊಕ್ಕ ಮಾತ್ರ ತಡೆಯಬೇಡ್ರಿ: ವಾಲ್ವ್ ತರುವುದೂ ಅದೇ ಗಂಟಿನಿಂದ. ಅಲ್ಲಿಯವರೆಗೆ ಪಂಪ್ ಹಾಕುವುದು, ಬಂದ್ ಮಾಡುವುದು ವಾಚ್‌ಮನ್ ಒಬ್ಬರದೇ ಕೆಲಸ, ಬೇರೆ ಯಾರೂ ಸ್ವಿಚ್ ಮುಟ್ಟಬಾರದು.

ಸ್ಥಿತಿ: ಕೆಲಸ ಬಾಕಿ. 402ರವರು ಗೋಡೆ ನೋಡಿ ಒಪ್ಪಿದ ಮೇಲಷ್ಟೇ ದೂರು ಮುಚ್ಚಲಾಗುವುದು.